ಔಷಧಿ ಹೊಡೆದಷ್ಟೂ ಬಳ್ಳಿ ಸಾಯುತ್ತದೆಯೇ? ಕೊಡಗಿನ ಒಂದು ಮೆಣಸಿನ ಲೆಕ್ಕ

ಎಂ.ಎ. ಅರ್ಥಶಾಸ್ತ್ರ ಓದುತ್ತಿರುವ ವಿರಾಜಪೇಟೆ ಕಡೆಯ ಹುಡುಗಿಯೊಬ್ಬಳು ತನ್ನ ಪ್ರಾಜೆಕ್ಟಿನ ಕರಡು ತಂದುಕೊಟ್ಟಳು. ಅದರ ಮುಖ್ಯ ಫಲಿತಾಂಶ ಒಂದೇ ಸಾಲಿನಲ್ಲಿತ್ತು: "ಬೋರ್ಡೋ ದ್ರಾವಣವನ್ನು ಒಂದು ರೌಂಡ್ ಹೆಚ್ಚಿಗೆ ಹೊಡೆದ ತೋಟದಲ್ಲಿ ನೂರಕ್ಕೆ ಒಂದು ಮೆಣಸಿನ ಬಳ್ಳಿ ಹೆಚ್ಚಿಗೆ ಸತ್ತಿದೆ." ಮನೆಯಲ್ಲಿ ಇದನ್ನು ಓದಿದ ಅವಳ ದೊಡ್ಡಪ್ಪ ಕೇಳಿದರಂತೆ, "ಹಾಗಾದ್ರೆ ನಾವು ಇಷ್ಟು ವರ್ಷ ದುಡ್ಡು ಕೊಟ್ಟು ಬಳ್ಳಿ ಕೊಂದ್ವಾ ಮಗಳೇ?"

ಪ್ರಶ್ನೆ ಸರಿಯಾಗಿಯೇ ಇದೆ. ಅವಳ ಲೆಕ್ಕದಲ್ಲೂ ತಪ್ಪಿರಲಿಲ್ಲ. ಕೂಡಿಸುವುದು, ಕಳೆಯುವುದು, ಕಂಪ್ಯೂಟರಿನ ಆಜ್ಞೆ ಎಲ್ಲವೂ ಸರಿ. ಲೆಕ್ಕದೊಳಗೆ ಇರಬೇಕಾಗಿದ್ದ ಒಂದು ಕಾಲಂ ಮಾತ್ರ ಇರಲಿಲ್ಲ. ಹೀಗೆ ಬಿಟ್ಟುಹೋದ ಚಲಕದಿಂದ, ಒಂದು ರೌಂಡಿಗೆ ಸಾವು ಎಷ್ಟು ಬದಲಾಗುತ್ತದೆ ಎಂದು ಹೇಳುವ ಗುಣಾಂಕ ಒಂದು ಕಡೆಗೆ ವಾಲುವುದಕ್ಕೆ ಒಮಿಟೆಡ್ ವೇರಿಯಬಲ್ ಬಯಾಸ್ ಎನ್ನುತ್ತಾರೆ. ಯಾವ ಕಡೆಗೆ ವಾಲುತ್ತದೆ, ಎಷ್ಟು ವಾಲುತ್ತದೆ ಎಂಬುದನ್ನು ಈ ಪ್ರಕರಣದಲ್ಲಿ ಪೂರ್ತಿ ಬಿಡಿಸಿ ನೋಡಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಳಗಿನ ಎಂಟು ತೋಟಗಳ ಅಂಕಿಗಳು, ಅವಳ ಹಾಳೆಯದ್ದು ಎಂದು ಹೇಳುವವೂ ಸೇರಿ, ನಾನೇ ಕಟ್ಟಿದವು. ಪೆನ್ನು ಹಿಡಿದು ಲೆಕ್ಕ ಮಾಡಿದರೂ ಪೂರ್ಣ ಸಂಖ್ಯೆ ಬರಲಿ ಎಂದು ಹಾಗೆ ಕಟ್ಟಿದ್ದೇನೆ. ಔಷಧಿ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಅವನ್ನು ಪುರಾವೆ ಎಂದು ಯಾರೂ ಬಳಸಬಾರದು. ಸಮಸ್ಯೆಯ ಸ್ವರೂಪ ಮಾತ್ರ ಕೊಡಗಿನದೇ.

ತೋಟದಲ್ಲಿ ಏನು ನಡೆಯುತ್ತದೆ

ಕೊಡಗಿನಲ್ಲಿ ಕರಿಮೆಣಸು ಹೆಚ್ಚಾಗಿ ಕಾಫಿ ತೋಟದ ನೆರಳು ಮರಗಳಿಗೆ ಹಬ್ಬಿರುತ್ತದೆ. ಸಿಲ್ವರ್ ಓಕ್, ಹಾಲುವಾಣ, ಹಲಸು, ಹೀಗೆ ಯಾವ ಮರಕ್ಕಾದರೂ ಸರಿ. ಈ ಬಳ್ಳಿಗೆ ದೊಡ್ಡ ಶತ್ರು ಶೀಘ್ರ ಸೊರಗು ರೋಗ. ಫೈಟೋಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಯಿಂದ ಬರುತ್ತದೆ. ಅದಕ್ಕೆ ಬೇಕಾದದ್ದು ನೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣು ತೊಯ್ದು ಬುಡದಲ್ಲಿ ನೀರು ನಿಂತರೆ, ಮಳೆಹನಿ ಚಿಮ್ಮಿ ಮಣ್ಣು ಎಲೆಗೆ ಸಿಡಿದರೆ, ರೋಗ ಹಬ್ಬುತ್ತದೆ. ಬುಡಕ್ಕೆ ತಗುಲಿತೋ, ಹಸಿರಾಗಿದ್ದ ಬಳ್ಳಿ ಕೆಲವೇ ವಾರಗಳಲ್ಲಿ ಎಲೆ ಉದುರಿಸಿ ಒಣಗಿಬಿಡುತ್ತದೆ.

ತಡೆಯಲು ಹೊಡೆಯುವುದು ಶೇಕಡ 1ರ ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮುಂಗಾರಿಗೆ ಮುಂಚೆ ಒಂದು ರೌಂಡ್, ಆಗಸ್ಟ್ ಹೊತ್ತಿಗೆ ಮಳೆ ಬಿಡುವು ಕೊಟ್ಟಾಗ ಇನ್ನೊಂದು ರೌಂಡ್ ಎಂಬುದು ಸಾಮಾನ್ಯ ಕ್ರಮ. ಕೆಲವರು ಒಂದಕ್ಕೇ ಸಾಕು ಮಾಡುತ್ತಾರೆ. ಕೆಲವರು ಮೂರಕ್ಕೂ ಹೋಗುತ್ತಾರೆ.

ಯಾರು ಮೂರಕ್ಕೆ ಹೋಗುತ್ತಾರೆ? ಇಡೀ ಪ್ರಕರಣ ಈ ಪ್ರಶ್ನೆಯಲ್ಲಿದೆ. ಕೊಡಗು ಸಣ್ಣ ಜಿಲ್ಲೆ. ಆದರೆ ಮಳೆ ಎಲ್ಲ ಕಡೆ ಒಂದೇ ಅಲ್ಲ. ಭಾಗಮಂಡಲದ ಕಡೆ ಬೀಳುವ ಮಳೆಗೂ ಕುಶಾಲನಗರದ ಕಡೆ ಬೀಳುವ ಮಳೆಗೂ ಹೋಲಿಕೆಯೇ ಇಲ್ಲ. ಪಶ್ಚಿಮದಿಂದ ಪೂರ್ವಕ್ಕೆ ಬಂದ ಹಾಗೆ ಮಳೆ ಇಳಿಯುತ್ತಾ ಹೋಗುತ್ತದೆ. ಜಡಿಮಳೆಯ ಜಾಗದಲ್ಲಿ ತೋಟ ಇರುವವರಿಗೆ ಸೊರಗಿನ ಭಯ ಜಾಸ್ತಿ. ಅವರೇ ಹೆಚ್ಚು ಔಷಧಿ ಹೊಡೆಯುತ್ತಾರೆ. ಒಣ ಅಂಚಿನಲ್ಲಿ ಇರುವವರು "ಈ ವರ್ಷ ಬೇಡ ಬಿಡಿ" ಎಂದು ಸುಮ್ಮನಾಗುತ್ತಾರೆ.

ಎಂಟು ತೋಟ, ಒಂದು ಗೆರೆ

ಅಂಕಿಗಳು ಹೀಗಿವೆ. ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನದು. ಕೊಡಗಿನ ತೋಟದವರು ಈಗಲೂ ಮಳೆಯನ್ನು ಇಂಚಿನಲ್ಲೇ ಹೇಳುವುದರಿಂದ ನಾನೂ ಇಂಚನ್ನೇ ಇಟ್ಟಿದ್ದೇನೆ.

| ತೋಟ | ಮಳೆ (ಇಂಚು) | ಔಷಧಿ (ರೌಂಡ್) | ಸತ್ತ ಬಳ್ಳಿ (ನೂರಕ್ಕೆ) |
|---|---|---|---|
| 1 | 40 | 0 | 8 |
| 2 | 40 | 1 | 4 |
| 3 | 60 | 1 | 8 |
| 4 | 80 | 1 | 8 |
| 5 | 80 | 2 | 6 |
| 6 | 100 | 2 | 10 |
| 7 | 120 | 2 | 10 |
| 8 | 120 | 3 | 10 |

ಹುಡುಗಿಯ ಹಾಳೆಯಲ್ಲಿ ಮಳೆಯ ಕಾಲಂ ಇರಲಿಲ್ಲ. ಔಷಧಿ ಮತ್ತು ಸತ್ತ ಬಳ್ಳಿ, ಇವೆರಡೇ. ಅದನ್ನಷ್ಟೇ ನೋಡಿ. ಒಂದು ರೌಂಡ್ ಹೊಡೆದ ಮೂರು ತೋಟಗಳ ಸರಾಸರಿ ಸಾವು 6.7. ಎರಡು ರೌಂಡ್ ಹೊಡೆದ ಮೂರು ತೋಟಗಳದ್ದು 8.7. ಮೂರು ರೌಂಡ್ ಹೊಡೆದದ್ದು 10. ಏರುತ್ತಲೇ ಇದೆ, ಅಲ್ವಾ? ಔಷಧಿಯನ್ನು `x`, ಸಾವನ್ನು `y` ಎಂದು ಇಟ್ಟು ಕನಿಷ್ಠ ವರ್ಗ ವಿಧಾನದಲ್ಲಿ ಗೆರೆ ಎಳೆದರೆ ಸಿಗುವುದು ಇದು:

`y = 6.5 + 1·x`

ಒಂದು ರೌಂಡಿಗೆ ನೂರಕ್ಕೆ ಒಂದು ಬಳ್ಳಿ ಹೆಚ್ಚು ಸಾವು. ಅವಳ ಕರಡಿನ ಸಾಲು ಬಂದದ್ದು ಇಲ್ಲಿಂದ.

ಈಗ ಮಳೆಯ ಕಾಲಮ್ಮನ್ನು ಪಕ್ಕದಲ್ಲಿ ಇಟ್ಟು, ಒಂದೇ ಮಳೆ ಬಿದ್ದ ತೋಟಗಳನ್ನು ಜೋಡಿ ಮಾಡಿ. 40 ಇಂಚಿನಲ್ಲಿ ಎರಡು ತೋಟ. ಔಷಧಿ ಹೊಡೆಯದ್ದರಲ್ಲಿ 8 ಸಾವು, ಒಂದು ರೌಂಡ್ ಹೊಡೆದದ್ದರಲ್ಲಿ 4. ನಾಲ್ಕು ಕಡಿಮೆ. 80 ಇಂಚಿನ ಜೋಡಿಯಲ್ಲಿ ಒಂದು ರೌಂಡ್ ಹೆಚ್ಚಿಗೆ ಹೊಡೆದ ಕಡೆ ಎರಡು ಕಡಿಮೆ. 120 ಇಂಚಿನ ಜೋಡಿಯಲ್ಲಿ ವ್ಯತ್ಯಾಸವೇ ಇಲ್ಲ. ಮೂರೂ ಜೋಡಿಯ ಸರಾಸರಿ ತೆಗೆದರೆ ಒಂದು ರೌಂಡಿಗೆ ಎರಡು ಬಳ್ಳಿ ಉಳಿದಿದೆ. ಯಾವ ಜೋಡಿಯಲ್ಲೂ ಔಷಧಿಯಿಂದ ಸಾವು ಹೆಚ್ಚಾಗಿಲ್ಲ. ಆದರೂ ಎಂಟನ್ನೂ ಒಂದೇ ರಾಶಿ ಮಾಡಿದಾಗ ಗೆರೆ ಮೇಲಕ್ಕೆ ಹೋಯಿತು.

ರಿಗ್ರೆಶನ್ನಿಗೆ, ಅಂದರೆ ಹೀಗೆ ಗೆರೆ ಎಳೆಯುವ ಲೆಕ್ಕಕ್ಕೆ, ಮಳೆಯನ್ನೂ ಸೇರಿಸಿದರೆ ಇದೇ ಉತ್ತರ ಬರುತ್ತದೆ. ಹತ್ತು ಇಂಚನ್ನು ಒಂದು ಘಟಕ ಎಂದು ಲೆಕ್ಕ ಹಿಡಿದು ಮಳೆಯನ್ನು `z` ಎಂದು ಕರೆಯೋಣ. 40 ಇಂಚು ಎಂದರೆ `z = 4`. ಆಗ

`y = 3 − 2·x + 1·z`

ಒಂದು ರೌಂಡ್ ಔಷಧಿ ಎರಡು ಬಳ್ಳಿ ಉಳಿಸುತ್ತದೆ. ಹತ್ತು ಇಂಚು ಹೆಚ್ಚು ಮಳೆ ಒಂದು ಬಳ್ಳಿ ಕೊಲ್ಲುತ್ತದೆ.

ಜೋಡಿಗಳ ಸರಾಸರಿಯೂ −2, ರಿಗ್ರೆಶನ್ನಿನ ಗುಣಾಂಕವೂ −2. ಇದು ಕಾಕತಾಳೀಯ ಅಲ್ಲ. ಮಳೆಯನ್ನು ಸೇರಿಸಿದ ರಿಗ್ರೆಶನ್, ಮಳೆ ನೋಡಿ ಊಹಿಸಬಹುದಾದಷ್ಟು ಔಷಧಿಯನ್ನು ಮೊದಲು ಕಳೆದುಬಿಡುತ್ತದೆ. ಉಳಿದ ಹೆಚ್ಚು ಕಡಿಮೆಯನ್ನು ಮಾತ್ರ ಸಾವಿನ ಜೊತೆ ಹೋಲಿಸುತ್ತದೆ. ಅರ್ಥಶಾಸ್ತ್ರಜ್ಞರಾದ ರಾಗ್ನರ್ ಫ್ರಿಶ್ ಮತ್ತು ಫ್ರೆಡರಿಕ್ ವಾ 1933ರಲ್ಲಿ ತೋರಿಸಿದ್ದು ಇದನ್ನೇ. ನಮ್ಮ ಅಂಕಿಗಳಲ್ಲಿ 3 ಮತ್ತು 6ನೇ ತೋಟ ತಮ್ಮ ಮಳೆಗೆ ತಕ್ಕಷ್ಟೇ ಔಷಧಿ ಹೊಡೆದಿವೆ. ಕಳೆದ ಮೇಲೆ ಅವುಗಳಲ್ಲಿ ಉಳಿಯುವುದು ಸೊನ್ನೆ. ಹಾಗಾಗಿ ಔಷಧಿಯ ಗುಣಾಂಕಕ್ಕೆ ಅವು ಏನನ್ನೂ ಹೇಳುವುದಿಲ್ಲ. ಹೇಳುವುದು ಮೂರು ಜೋಡಿಗಳು ಮಾತ್ರ. ಮೂರಕ್ಕೂ ಒಂದೇ ತೂಕ.

−2 ಇದ್ದದ್ದು +1 ಆದದ್ದು ಹೇಗೆ

ಇದನ್ನು ಬಿಡಿಸಲು ಮೂರನೆಯ ರಿಗ್ರೆಶನ್ ಒಂದು ಬೇಕು. ಪಾಠದಲ್ಲಿ ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಇದೇ ಇಡೀ ವಿಷಯದ ಹೃದಯ ಎನಿಸುತ್ತದೆ. ಬಿಟ್ಟುಹೋದ ಮಳೆಯನ್ನು ಒಳಗಿರುವ ಔಷಧಿಯ ಮೇಲೆ ಹಾಕಿ ನೋಡಬೇಕು, ಅಂದರೆ ಔಷಧಿಯಿಂದ ಮಳೆಯನ್ನು ಊಹಿಸುವ ಗೆರೆ ಎಳೆಯಬೇಕು:

`z = 3.5 + 3·x`

ಒಂದು ರೌಂಡ್ ಹೆಚ್ಚು ಹೊಡೆಯುವ ತೋಟದಲ್ಲಿ ಸರಾಸರಿ 30 ಇಂಚು ಹೆಚ್ಚು ಮಳೆ ಇದೆ ಎಂದು ಇದರ ಅರ್ಥ. ಔಷಧಿ ಮಳೆ ತರಿಸುತ್ತದೆ ಎಂದು ಅಲ್ಲ. ಇಲ್ಲಿ ಕಾರಣ ಯಾವುದು ಪರಿಣಾಮ ಯಾವುದು ಎಂಬ ಪ್ರಶ್ನೆಯೇ ಇಲ್ಲ. ಎರಡೂ ಜೊತೆಜೊತೆಗೆ ಎಷ್ಟು ಏರುತ್ತವೆ ಎಂಬುದಷ್ಟೇ ಬೇಕು.

ಈಗ ಮಳೆ ಸೇರಿಸಿದ ಉದ್ದದ ಸಮೀಕರಣದಲ್ಲಿ `z` ಇರುವ ಕಡೆ ಇದನ್ನು ಇಟ್ಟುಬಿಡಿ:

`y = 3 − 2x + (3.5 + 3x) = 6.5 + x`

ಅವಳ ಗೆರೆ ಅಕ್ಷರಶಃ ಹೊರಗೆ ಬಂತು. ಮಳೆಯನ್ನು ಹಾಳೆಯಿಂದ ತೆಗೆದರೂ ಅದರ ಪರಿಣಾಮ ತೋಟದಿಂದ ಹೋಗುವುದಿಲ್ಲ. ಅದು ಔಷಧಿಯ ಖಾತೆಗೆ ಬಂದು ಸೇರುತ್ತದೆ. ಒಂದು ರೌಂಡಿನ ಜೊತೆ ಬರುವ 30 ಇಂಚು ಮಳೆ ಮೂರು ಬಳ್ಳಿ ಕೊಲ್ಲುತ್ತದೆ. ಔಷಧಿ ಎರಡನ್ನು ಉಳಿಸುತ್ತದೆ. ನಿವ್ವಳ ಒಂದು ಸಾವು. ಬೈಗುಳ ಔಷಧಿಗೆ.

ಸೂತ್ರವಾಗಿ ಬರೆದರೆ:

`b_short = β1 + β2·δ`

`b_short` ಎಂದರೆ ಮಳೆ ಬಿಟ್ಟ ಗೆರೆಯಲ್ಲಿ ಔಷಧಿಯ ಗುಣಾಂಕ, +1. `β1` ಎಂದರೆ ಮಳೆ ಸೇರಿಸಿದಾಗ ಔಷಧಿಯ ಗುಣಾಂಕ, −2. `β2` ಎಂದರೆ ಬಿಟ್ಟುಹೋದ ಮಳೆಯ ಗುಣಾಂಕ, +1. `δ` ಎಂದರೆ ಮೂರನೆಯ ರಿಗ್ರೆಶನ್ನಿನ ಗುಣಾಂಕ, +3. ಬಯಾಸ್ ಎಂದರೆ `β2·δ`, ಅಂದರೆ +3. ಇದು ಅಂದಾಜಿನ ಸೂತ್ರ ಅಲ್ಲ. ಒಂದೇ ಅಂಕಿಗಳ ಮೇಲೆ ಮೂರೂ ರಿಗ್ರೆಶನ್ ಓಡಿಸಿದರೆ ದಶಮಾಂಶದವರೆಗೂ ಹೊಂದುತ್ತದೆ. ಆರ್ ಎಂಬ ಲೆಕ್ಕದ ತಂತ್ರಾಂಶ ಗೊತ್ತಿದ್ದವರು ತಾವೇ ನೋಡಬಹುದು:

```r
x <- c(0,1,1,1,2,2,2,3)
z <- c(4,4,6,8,8,10,12,12)
y <- c(8,4,8,8,6,10,10,10)
coef(lm(y ~ x))
coef(lm(y ~ x + z))
coef(lm(z ~ x))
```

ಕೊನೆಯ ಸಾಲಿನ ದಿಕ್ಕಿನ ಬಗ್ಗೆ ಎಚ್ಚರ ಇರಲಿ. ಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಿ ಇದು ತಿರುವುಮುರುವು ಆಗಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮಳೆಯನ್ನು ಔಷಧಿಯ ಮೇಲೆ ಹಾಕಬೇಕು, ಔಷಧಿಯನ್ನು ಮಳೆಯ ಮೇಲೆ ಅಲ್ಲ. ತಿರುಗಿಸಿ ಹಾಕಿದರೆ ಬರುವುದು 0.25. ಆಗ ಬಯಾಸ್ 0.25 ಎಂದು ಬರೆದು, ಗುಣಾಂಕ −1.75 ಆಗಬೇಕಿತ್ತು ಎನ್ನುತ್ತೀರಿ. ಅದು ಎಲ್ಲಿಗೂ ಹೊಂದುವುದಿಲ್ಲ. ಚಿಹ್ನೆ ಮಾತ್ರ ಎರಡು ಕಡೆಯಿಂದಲೂ ಒಂದೇ ಬರುತ್ತದೆ. ದಿಕ್ಕಷ್ಟೇ ಬೇಕಾದವರು ಇದರಿಂದ ಬಚಾವಾಗುತ್ತಾರೆ.

ಅಂಕಿ ಇಲ್ಲದಾಗ ದಿಕ್ಕು ಹೇಳುವುದು

ಮಳೆಯ ಅಂಕಿ ಕೈಯಲ್ಲಿದ್ದರೆ ಸೇರಿಸಿಬಿಟ್ಟರೆ ಆಯಿತು, ಬಯಾಸಿನ ಮಾತೇ ಬೇಡ. ಸೂತ್ರ ನಿಜವಾಗಿ ಬೇಕಾಗುವುದು ಅಂಕಿ ಸಿಗದೇ ಇದ್ದಾಗ. ಅವಳ ಹತ್ತಿರ ಆಗ ಮಳೆಯ ಅಂಕಿ ಇರಲಿಲ್ಲ. ಆದರೂ ಹೊಳೆ ದಾಟುವ ಮೊದಲೇ ಸೆಳೆತ ಯಾವ ಕಡೆಗೆ ಎಂದು ನಿಂತು ನೋಡುವ ಹಾಗೆ, ಎರಡು ಪ್ರಶ್ನೆ ಕೇಳಿಕೊಂಡು ದಿಕ್ಕು ಹೇಳಬಹುದಿತ್ತು.

ಮೊದಲ ಪ್ರಶ್ನೆ: ಔಷಧಿ ಅಷ್ಟೇ ಇದ್ದು ಮಳೆ ಮಾತ್ರ ಹೆಚ್ಚಾದರೆ, ಸಾವು ಹೆಚ್ಚಾಗುತ್ತದೋ ಕಡಿಮೆಯಾಗುತ್ತದೋ? ಹೆಚ್ಚಾಗುತ್ತದೆ. ರೋಗ ಹಬ್ಬುವ ರೀತಿಯಿಂದಲೇ ಗೊತ್ತು. ಅಲ್ಲಿಗೆ `β2` ಪ್ಲಸ್. ಎರಡನೆಯದು: ಹೆಚ್ಚು ಔಷಧಿ ಹೊಡೆಯುವ ತೋಟಗಳಲ್ಲಿ ಮಳೆ ಹೆಚ್ಚೋ ಕಡಿಮೆಯೋ? ಹೆಚ್ಚು. ಇದನ್ನು ದೊಡ್ಡಪ್ಪನನ್ನು ಕೇಳಿದರೂ ಹೇಳುತ್ತಿದ್ದರು. `δ` ಕೂಡ ಪ್ಲಸ್. ಎರಡು ಪ್ಲಸ್ ಗುಣಿಸಿದರೆ ಪ್ಲಸ್. ಬಯಾಸ್ ಮೇಲ್ಮುಖ. ಎರಡೂ ಮೈನಸ್ ಇದ್ದರೂ ಮೇಲ್ಮುಖವೇ. ಒಂದು ಪ್ಲಸ್ ಒಂದು ಮೈನಸ್ ಆದರೆ ಕೆಳಮುಖ.

ಎರಡರಲ್ಲಿ ಯಾವುದಾದರೂ ಒಂದು ಸೊನ್ನೆಯಾದರೆ ಬಯಾಸೇ ಇಲ್ಲ. ಇದನ್ನು ಮರೆತು, ಬಿಟ್ಟುಹೋದ ಪ್ರತಿಯೊಂದಕ್ಕೂ ಹೆದರುವವರು ಇದ್ದಾರೆ. ಬಳ್ಳಿಯ ತಳಿ ತೆಗೆದುಕೊಳ್ಳಿ. ಪಣಿಯೂರು-1 ಇರಬಹುದು, ಕರಿಮುಂಡ ಇರಬಹುದು. ತಳಿಯಿಂದ ಸಾವಿನ ಪ್ರಮಾಣ ಬದಲಾಗಬಹುದು. ಆದರೆ ತಳಿಗೂ ಔಷಧಿಯ ರೌಂಡಿಗೂ ಸಂಬಂಧ ಇಲ್ಲದಿದ್ದರೆ ಅದನ್ನು ಬಿಟ್ಟರೂ ಗುಣಾಂಕ ವಾಲುವುದಿಲ್ಲ. ಚುಕ್ಕಿಗಳು ಗೆರೆಯಿಂದ ಹೆಚ್ಚು ಚದುರುತ್ತವೆ, ಅಷ್ಟೇ. ಇನ್ನೊಂದು ಕಡೆ, ಹೆಚ್ಚು ಔಷಧಿ ಹೊಡೆಯುವ ಮನೆಗಳಲ್ಲಿ ಜೀಪು ಹೆಚ್ಚಿರಬಹುದು. ಜೀಪು ಬಳ್ಳಿಯನ್ನು ಕೊಲ್ಲುವುದೂ ಇಲ್ಲ, ಉಳಿಸುವುದೂ ಇಲ್ಲ. ಅದನ್ನೂ ಬಿಡಬಹುದು.

ಮೇಲ್ಮುಖ ಅಂದರೆ ದೊಡ್ಡದು ಅಂತ ಅಲ್ಲ

ಕರಡಿನ ಎರಡನೆಯ ಆವೃತ್ತಿಯಲ್ಲಿ ಅವಳು ಹೀಗೆ ಬರೆದಳು: "ಬಯಾಸ್ ಮೇಲ್ಮುಖವಾಗಿದೆ. ಆದ್ದರಿಂದ ಔಷಧಿಯ ಪರಿಣಾಮವನ್ನು ಈ ಅಧ್ಯಯನ ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತಿರಬಹುದು." ಮೊದಲ ವಾಕ್ಯ ಸರಿ, ಎರಡನೆಯದು ತಪ್ಪು. ಈ ಎಡವು ತುಂಬ ಸಾಮಾನ್ಯ. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಮೇಲ್ಮುಖ ಎಂದರೆ ಸಂಖ್ಯಾರೇಖೆಯಲ್ಲಿ ಪ್ಲಸ್ ಕಡೆಗೆ. ನಿಜವಾದ ಗುಣಾಂಕ ಪ್ಲಸ್ ಇದ್ದಿದ್ದರೆ, ಮೇಲ್ಮುಖ ಬಯಾಸ್ ಅದನ್ನು ಉಬ್ಬಿಸಿ ತೋರಿಸುತ್ತಿತ್ತು. ಇಲ್ಲಿ ನಿಜವಾದದ್ದು ಮೈನಸ್. −2ರಿಂದ ಪ್ಲಸ್ ಕಡೆಗೆ ಹೊರಟರೆ ಮೊದಲು ಸಿಗುವುದು −1, ಆಮೇಲೆ ಸೊನ್ನೆ, ಆಮೇಲೆ +1. ಬಯಾಸ್ ಸಣ್ಣದಿದ್ದರೆ ಔಷಧಿ ಇರುವುದಕ್ಕಿಂತ ಕಡಿಮೆ ಕೆಲಸ ಮಾಡುವಂತೆ ಕಾಣುತ್ತದೆ. ಬಯಾಸ್ ಸರಿಯಾಗಿ +2 ಆಗಿದ್ದರೆ ಔಷಧಿ ಏನೂ ಮಾಡುವುದಿಲ್ಲ ಎಂದು ಕಾಣುತ್ತದೆ. ಇದು ಅತಿ ಅಪಾಯದ ಸ್ಥಿತಿ ಎಂದು ನನ್ನ ಲೆಕ್ಕ. ಯಾಕೆಂದರೆ +1 ಬಂದಾಗ ದೊಡ್ಡಪ್ಪನಂಥವರು "ಇದೆಂಥದು?" ಎಂದು ಕೇಳುತ್ತಾರೆ. ಸೊನ್ನೆ ಬಂದರೆ ಯಾರೂ ಕೇಳುವುದಿಲ್ಲ. "ಪರಿಣಾಮ ಇಲ್ಲ" ಎಂದು ಬರೆದು ಫೈಲು ಮುಚ್ಚುತ್ತಾರೆ.

ಆದ್ದರಿಂದ ಎರಡು ಮಾತನ್ನು ಬೇರೆ ಬೇರೆಯಾಗಿ ಹೇಳಬೇಕು. ಬಯಾಸ್ ಯಾವ ಕಡೆಗೆ ಎಂಬುದು ಒಂದು. ಅದು ಗುಣಾಂಕವನ್ನು ಸೊನ್ನೆಗೆ ಹತ್ತಿರ ತರುತ್ತದೋ ದೂರ ಒಯ್ಯುತ್ತದೋ ಎಂಬುದು ಇನ್ನೊಂದು. ಎರಡನೆಯದಕ್ಕೆ ನಿಜವಾದ ಗುಣಾಂಕದ ಚಿಹ್ನೆಯ ಬಗ್ಗೆಯೂ ಒಂದು ಅಂದಾಜು ಬೇಕು.

ಈ ತರ್ಕದಿಂದ ಕೆಲವೊಮ್ಮೆ ಅಂಕಿ ಇಲ್ಲದೆಯೂ ಗಟ್ಟಿ ಮಾತು ಹೇಳಬಹುದು. ಮಳೆ ಬಿಟ್ಟಿದ್ದರೂ ಅವಳ ಗುಣಾಂಕ −0.5 ಬಂದಿತ್ತು ಎಂದುಕೊಳ್ಳಿ. ಮಳೆಯಿಂದ ಬರುವ ಬಯಾಸ್ ಪ್ಲಸ್ ಎಂದು ಗೊತ್ತು. ಅದನ್ನು ಎದುರಿಸಿಯೂ ಮೈನಸ್ ಉಳಿದಿದೆ ಎಂದರೆ, ಬಿಟ್ಟದ್ದು ಮಳೆಯೊಂದೇ ಆಗಿದ್ದಲ್ಲಿ ನಿಜವಾದ ಗುಣಾಂಕ −0.5ಕ್ಕಿಂತಲೂ ಕೆಳಗಿದೆ. +1 ಬಂದಾಗ ಇಂಥ ಮಾತು ಹೇಳಲಾಗದು. ನಿಜವಾದದ್ದು +1ಕ್ಕಿಂತ ಕೆಳಗಿದೆ ಎಂದಷ್ಟೇ ಹೇಳಬಹುದು. ಅದು +0.5 ಇರಬಹುದು, −2 ಇರಬಹುದು.

ಹೆಚ್ಚು ತೋಟ ಸೇರಿಸಿದರೆ ಸರಿಹೋಗುತ್ತದೆಯೇ

ಎಂಟೇ ತೋಟ ಅಲ್ವಾ, ಅದಕ್ಕೇ ಹೀಗಾಗಿದೆ ಎಂದು ಕೆಲವರು ಹೇಳಿದರು. ಅವಳ ಗೆರೆಯಲ್ಲಿ ಔಷಧಿಯ ಗುಣಾಂಕದ ಸ್ಟ್ಯಾಂಡರ್ಡ್ ಎರರ್, ಅಂದರೆ ಅದು ಎಷ್ಟು ಅತ್ತಿತ್ತ ಆಗಬಹುದು ಎಂಬ ಅಳತೆ, 0.85. ಗುಣಾಂಕ 1. ಹೀಗಾಗಿ ಅದು ಸೊನ್ನೆಗಿಂತ ಬೇರೆ ಎಂದು ಹೇಳಲು ಸಾಕಷ್ಟು ಆಧಾರ ಇಲ್ಲ, ನಿಜ. ಆದರೆ ಇದೇ ಸ್ವರೂಪದ 800 ತೋಟ ತಂದರೆ ಏನಾಗುತ್ತದೆ ನೋಡಿ. ಸ್ಟ್ಯಾಂಡರ್ಡ್ ಎರರ್ ಸುಮಾರು 0.07ಕ್ಕೆ ಇಳಿಯುತ್ತದೆ. ಗುಣಾಂಕ +1 ಇದ್ದಲ್ಲೇ ಇರುತ್ತದೆ. ಎಂಟು ತೋಟದಲ್ಲಿ ಅನುಮಾನವಾಗಿದ್ದ ತಪ್ಪು ಮಾತು 800ರಲ್ಲಿ ಖಚಿತವಾದ ತಪ್ಪು ಮಾತಾಗುತ್ತದೆ. ತೋಟದ ಸಂಖ್ಯೆ ಹೆಚ್ಚಿಸಿದರೆ ಕುಗ್ಗುವುದು ಚದುರಿಕೆ. ವಾಲಿಕೆ ಕುಗ್ಗುವುದಿಲ್ಲ.

ಮಳೆ ಸೇರಿಸಿದ ರಿಗ್ರೆಶನ್ನಿನಲ್ಲಿ −2ರ ಸ್ಟ್ಯಾಂಡರ್ಡ್ ಎರರ್ 1.03, ಅಂದರೆ ಮೊದಲಿಗಿಂತ ಜಾಸ್ತಿಯೇ. ಮಳೆ ಮತ್ತು ಔಷಧಿ ಕೈಕೈ ಹಿಡಿದು ಸಾಗುವುದರಿಂದ ಎರಡನ್ನೂ ಬಿಡಿಸುವುದಕ್ಕೆ ಮೂರು ಜೋಡಿ ಮಾತ್ರ ಉಳಿದವಲ್ಲ, ಅದರ ಬೆಲೆ ಇದು. ಇಲ್ಲಿ ಮಾತ್ರ ಹೆಚ್ಚು ತೋಟಗಳು ನಿಜವಾಗಿ ಸಹಾಯ ಮಾಡುತ್ತವೆ.

ಮಳೆಯನ್ನು ಎಲ್ಲಿಂದ ತರುವುದು

ಅವಳು ಮಳೆಯ ಅಂಕಿ ಹುಡುಕಲು ಹೊರಟಳು. ಮಡಿಕೇರಿಯ ಮಳೆಯನ್ನೇ ಎಲ್ಲರಿಗೂ ಹಾಕು ಎಂದು ಯಾರೋ ಸಲಹೆ ಕೊಟ್ಟರು. ಎಂಟೂ ತೋಟಕ್ಕೆ ಒಂದೇ ಸಂಖ್ಯೆ ಹಾಕಿದರೆ ಆ ಕಾಲಮ್ಮಿನಲ್ಲಿ ಏರಿಳಿತವೇ ಇರುವುದಿಲ್ಲ. ಆರ್ ಅದಕ್ಕೆ ಗುಣಾಂಕದ ಬದಲು `NA` ತೋರಿಸಿ ಸುಮ್ಮನಾಗುತ್ತದೆ. ಬಯಾಸ್ ಇದ್ದಲ್ಲೇ ಇರುತ್ತದೆ.

ಹತ್ತಿರದ ಪಟ್ಟಣದ ಅಂಕಿ ಹಾಕಿದರೆ ಸ್ವಲ್ಪ ವಾಸಿ. ಆದರೆ ಕೊಡಗಿನಲ್ಲಿ ಒಂದು ಬೆಟ್ಟದ ಈಚೆಗೂ ಆಚೆಗೂ ಮಳೆ ಬೇರೆ. ತಪ್ಪು ತುಂಬಿದ ಮಳೆಯ ಕಾಲಂ ಮಳೆಯ ಕೆಲಸವನ್ನು ಅರ್ಧಂಬರ್ಧ ಮಾಡುತ್ತದೆ. ಆ ತಪ್ಪುಗಳು ಗೊತ್ತುಗುರಿಯಿಲ್ಲದೆ ಅತ್ತ ಇತ್ತ ಇದ್ದರೆ, ಔಷಧಿಯ ಗುಣಾಂಕ +1 ಮತ್ತು −2ರ ಮಧ್ಯೆ ಎಲ್ಲೋ ಬಂದು ನಿಲ್ಲುತ್ತದೆ. ಅಳತೆ ಕೆಟ್ಟಷ್ಟೂ +1ರ ಹತ್ತಿರ.

ಅದೃಷ್ಟಕ್ಕೆ ಕೊಡಗಿನ ಎಷ್ಟೋ ತೋಟದ ಮನೆಗಳಲ್ಲಿ ಸ್ವಂತ ಮಳೆಮಾಪಕ ಇರುತ್ತದೆ. ಬೆಳಿಗ್ಗೆ ನೋಡಿ ಡೈರಿಯಲ್ಲಿ ಬರೆದಿಡುವ ಅಭ್ಯಾಸ ಹಳೆಯದು. ಅಂಕಿ ಅಲ್ಲೇ ಇತ್ತು. ಪ್ರಶ್ನಾವಳಿಯಲ್ಲಿ ಕೇಳಿರಲಿಲ್ಲ, ಅಷ್ಟೇ.

ಮಳೆ ಬಂದ ಮೇಲೂ ಉಳಿದದ್ದು

−2 ಬಂದಾಗ ಅವಳಿಗೆ ಖುಷಿಯಾಯಿತು. ನನಗೆ ಇನ್ನೂ ಎರಡು ಅನುಮಾನ ಇತ್ತು.

ಒಂದು, ತೋಟದ ಆರೈಕೆ. ಒಂದೇ 40 ಇಂಚು ಮಳೆಯಲ್ಲಿ 1ನೇ ತೋಟದವರು ಔಷಧಿ ಹೊಡೆಯಲಿಲ್ಲ, 2ನೇ ತೋಟದವರು ಹೊಡೆದರು. ಯಾಕೆ? 2ನೇ ತೋಟದವರು ಎಲ್ಲದರಲ್ಲೂ ಚುರುಕು ಇರಬಹುದು. ಬಸಿಗಾಲುವೆ ತೆಗೆಸಿರುತ್ತಾರೆ. ಮಳೆಗೆ ಮುಂಚೆ ಮರ ಕಪಾತು ಮಾಡಿಸಿ ಬೆಳಕು ಬಿಡಿಸಿರುತ್ತಾರೆ. ಸತ್ತ ಬಳ್ಳಿಯನ್ನು ಬುಡಸಹಿತ ಕಿತ್ತು ಹೊರಗೆ ಹಾಕಿರುತ್ತಾರೆ. ಆರೈಕೆ ಸಾವನ್ನು ಇಳಿಸುತ್ತದೆ: `β` ಮೈನಸ್. ಒಂದೇ ಮಳೆಯ ತೋಟಗಳ ನಡುವೆ ಔಷಧಿಯ ಜೊತೆ ಆರೈಕೆ ಏರುತ್ತದೆ: `δ` ಪ್ಲಸ್. ಗುಣಿಸಿದರೆ ಮೈನಸ್. ಅಂದರೆ ಈ ಬಯಾಸ್ ಮಳೆಯದ್ದಕ್ಕೆ ತದ್ವಿರುದ್ಧ. ಗುಣಾಂಕವನ್ನು ಕೆಳಕ್ಕೆ ಎಳೆದು, ಆರೈಕೆಯ ಪುಣ್ಯವನ್ನೂ ಔಷಧಿಗೆ ಕೊಡುತ್ತದೆ. ನಿಜವಾದ ಗುಣಾಂಕ −2ಕ್ಕಿಂತ ಸೊನ್ನೆಗೆ ಹತ್ತಿರ, ಬಹುಶಃ −1ರ ಆಸುಪಾಸು ಇದ್ದರೂ ಇರಬಹುದು.

"ಒಂದೇ ಮಳೆಯ ತೋಟಗಳ ನಡುವೆ" ಎಂದದ್ದನ್ನು ಗಮನಿಸಿ. ಮಳೆ ಒಮ್ಮೆ ಸಮೀಕರಣಕ್ಕೆ ಬಂದ ಮೇಲೆ, ಆರೈಕೆಯ `δ`ವನ್ನು ಮಳೆ ಸಮ ಮಾಡಿಯೇ ನೋಡಬೇಕು. ಇಡೀ ಜಿಲ್ಲೆಯಲ್ಲಿ ಆರೈಕೆ ಮತ್ತು ಔಷಧಿಯ ಸಂಬಂಧ ಒಂದು ಥರ ಇದ್ದು, ಒಂದೇ ಮಳೆಯ ತೋಟಗಳೊಳಗೆ ಇನ್ನೊಂದು ಥರ ಇರಬಹುದು. ಬೇಕಾದದ್ದು ಎರಡನೆಯದು. ಇನ್ನು, ಅವಳ ಮೊದಲ ಗೆರೆಯಂತೆ ಎರಡೂ ಬಿಟ್ಟುಹೋಗಿದ್ದರೆ ಒಂದು ಬಯಾಸ್ ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಯಾವುದು ಗೆಲ್ಲುತ್ತದೆ ಎಂದು ಚಿಹ್ನೆ ನೋಡಿ ಹೇಳಲಾಗದು, ಗಾತ್ರ ಬೇಕು. ಇಂಥ ಕಡೆ "ದಿಕ್ಕು ಗೊತ್ತಿಲ್ಲ" ಎಂದು ಬರೆಯುವುದೇ ಸರಿಯಾದ ಉತ್ತರ.

ಆರೈಕೆಯನ್ನು ಅಳೆಯುವುದು ಕಷ್ಟ. ಕೃಷಿ ಉತ್ಪಾದನೆಯ ಲೆಕ್ಕಗಳಲ್ಲಿ ರೈತನ ಜಾಣ್ಮೆ ಬಿಟ್ಟುಹೋಗುವುದರ ಬಗ್ಗೆ ಜ್ವಿ ಗ್ರಿಲಿಕಸ್ 1957ರಲ್ಲೇ ಬರೆದಿದ್ದರು. 1961ರಲ್ಲಿ ಯಾಯಿರ್ ಮುಂಡ್ಲಾಕ್ ಒಂದು ದಾರಿ ತೋರಿಸಿದರು: ಒಂದೇ ತೋಟವನ್ನು ಹಲವು ವರ್ಷ ನೋಡಿ, ಅದನ್ನು ಅದರ ಜೊತೆಯೇ ಹೋಲಿಸುವುದು. ಆಗ ವರ್ಷದಿಂದ ವರ್ಷಕ್ಕೆ ಬದಲಾಗದ ಆರೈಕೆ ಎರಡೂ ಕಡೆ ಹೊಡೆದುಹೋಗುತ್ತದೆ. ಕೊಡಗಿನಲ್ಲಿ ಹೀಗೆ ಮಾಡಿದರೂ ಮಳೆಯ ಕಾಲಂ ಇರಲೇಬೇಕು. ಯಾಕೆಂದರೆ ಮಳೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 2018ರ ಆಗಸ್ಟನ್ನು ಕಂಡ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಅನುಮಾನ ಇನ್ನೂ ತೊಡಕಿನದು. ಆಗಸ್ಟಿನ ರೌಂಡನ್ನು ಕೆಲವರು ಕ್ರಮಕ್ಕೆ ತಕ್ಕ ಹಾಗೆ ಹೊಡೆಯುತ್ತಾರೆ. ಕೆಲವರು ಬಳ್ಳಿ ಸೊರಗಲು ಶುರುವಾದ ಮೇಲೆ ಓಡಿಹೋಗಿ ಹೊಡೆಯುತ್ತಾರೆ. ಎರಡನೆಯ ಥರದವರಲ್ಲಿ ಸಾವು ಮೊದಲು, ಔಷಧಿ ಆಮೇಲೆ. ಇದು ಗುಣಾಂಕವನ್ನು ಮತ್ತೆ ಪ್ಲಸ್ ಕಡೆಗೆ ತಳ್ಳುತ್ತದೆ. ಮಳೆ ಸೇರಿಸಿದರೆ ಇದು ಹೋಗುವುದಿಲ್ಲ. ಆರೈಕೆಯ ಬಯಾಸ್ ಕೆಳಕ್ಕೆ, ಇದು ಮೇಲಕ್ಕೆ. −2ರ ಅರ್ಥ ಮತ್ತೆ ಮಸುಕಾಯಿತು.

ಹಾಗಾದರೆ ಜೂನ್ ಕೊನೆಯಲ್ಲಿ ಎಲೆ ಮೇಲೆ ಎಷ್ಟು ರೋಗದ ಚುಕ್ಕೆ ಇತ್ತು ಎಂಬುದನ್ನು ಇನ್ನೊಂದು ಕಾಲಂ ಆಗಿ ಸೇರಿಸಲೇ ಎಂದು ಅವಳು ಕೇಳಿದಳು. ಬೇಡ ಎಂದೆ. ಮುಂಗಾರಿಗೆ ಮುಂಚಿನ ಔಷಧಿ ಕೆಲಸ ಮಾಡುವುದೇ ಆ ಚುಕ್ಕೆಗಳನ್ನು ತಡೆದು. ಚುಕ್ಕೆ ಸಮ ಇದ್ದಾಗ ಔಷಧಿ ಏನು ಮಾಡುತ್ತದೆ ಎಂದು ಕೇಳಿದರೆ, ಅದರ ಕೆಲಸದ ಒಂದು ದೊಡ್ಡ ಪಾಲನ್ನು ನಾವೇ ಅಳಿಸಿದ ಹಾಗೆ. ಮಳೆ ಔಷಧಿಗೆ ಮೊದಲೇ ಇರುವ ಸಂಗತಿ, ಚುಕ್ಕೆ ಔಷಧಿಯ ನಂತರದ್ದು. ಎರಡೂ ಸಾವಿಗೆ ಸಂಬಂಧಪಟ್ಟಿವೆ, ಎರಡೂ ಔಷಧಿಯ ಜೊತೆ ಏರಿಳಿಯುತ್ತವೆ. ಅಂಕಿ ನೋಡಿ ಇವನ್ನು ಬೇರೆ ಮಾಡಲು ಆಗುವುದಿಲ್ಲ. ತೋಟದಲ್ಲಿ ಯಾವುದು ಯಾವುದಕ್ಕಿಂತ ಮೊದಲು ನಡೆಯುತ್ತದೆ ಎಂದು ಗೊತ್ತಿರಬೇಕು.

ಕೊನೆಗೆ ಪ್ರಶ್ನಾವಳಿಯಲ್ಲಿ ಔಷಧಿಯ ಕಾಲಮ್ಮನ್ನೇ ಒಡೆದೆವು. ಮೊದಲ ಮಳೆಗೆ ಮುಂಚೆ ಹೊಡೆದದ್ದು ಒಂದು ಕಾಲಂ, ಆಮೇಲಿನದ್ದು ಇನ್ನೊಂದು, ತಾರೀಕಿನ ಸಮೇತ. ಮೊದಲನೆಯದು ಆ ವರ್ಷದ ಸೊರಗು ಕಣ್ಣಿಗೆ ಬೀಳುವ ಮೊದಲೇ ಹೊಡೆದದ್ದು. ಹಾಗಾಗಿ ಆ ವರ್ಷದ ಸಾವು ನೋಡಿ ಹೊಡೆದರು ಎಂಬ ಮಾತು ಅದಕ್ಕೆ ಅಂಟುವುದಿಲ್ಲ. ಹೋದ ವರ್ಷ ಎಷ್ಟು ಬಳ್ಳಿ ಸತ್ತಿತ್ತು ಎಂಬುದನ್ನೂ ಕೇಳಿದೆವು. ಹೋದ ವರ್ಷ ಪೆಟ್ಟು ತಿಂದವರು ಈ ವರ್ಷ ಮುಂಚಿತವಾಗಿ ಹೊಡೆಯುತ್ತಾರೆ. ಅವರ ಮಣ್ಣಿನಲ್ಲಿ ರೋಗಾಣುವೂ ಉಳಿದಿರುತ್ತದೆ. ಎರಡೂ ಪ್ಲಸ್. ಅದನ್ನು ಬಿಟ್ಟರೆ ಮಳೆ ಬಿಟ್ಟ ಹಾಗೆಯೇ.

ಇಷ್ಟೆಲ್ಲ ಸೇರಿಸಿದ ಮೇಲೆ ಮುಖ್ಯವಾಗಿ ಉಳಿಯುವುದು ಆರೈಕೆ. ಅದರ ದಿಕ್ಕು ಗೊತ್ತು, ಕೆಳಕ್ಕೆ. ಆದ್ದರಿಂದ ಹೊಸ ಅಂಕಿಗಳಿಂದ ಬರುವ ಗುಣಾಂಕವನ್ನು "ಔಷಧಿ ಹೆಚ್ಚೆಂದರೆ ಇಷ್ಟು ಉಳಿಸುತ್ತದೆ" ಎಂದು ಓದಬೇಕು ಎಂದು ವರದಿಯಲ್ಲಿ ಬರೆಯಲಾಯಿತು. ದೊಡ್ಡಪ್ಪ ಅದನ್ನು ಓದಿ, ಬಸಿಗಾಲುವೆ ತೆಗೆಸಿದ ದಿನವನ್ನೂ ಡೈರಿಯಲ್ಲಿ ಬರೆದಿದ್ದೇನೆ, ಬೇಕಾದರೆ ತೆಗೆದುಕೋ ಎಂದರಂತೆ. ಈಗ ಅದೂ ಒಂದು ಕಾಲಂ.